ಇಒಕ್ಯೂ ಲೆಕ್ಕ 69 ಬಾಕ್ಸ್ ಅನ್ನುತ್ತಿದೆ, ಚಿಕ್ಕಪ್ಪ 400 ತರಿಸುತ್ತಾರೆ. ಯಾರದು ಸರಿ?

ಗೋಡೌನ್_ಹುಡುಗ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಹಾರ್ಡ್‌ವೇರ್ ಹೋಲ್‌ಸೇಲ್‌ನಲ್ಲಿ ಖರೀದಿ ನೋಡಿಕೊಳ್ಳಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಇಲ್ಲಿ ಎಷ್ಟು ತರಿಸಬೇಕು ಅನ್ನೋದಕ್ಕೆ ಯಾವ ಲೆಕ್ಕವೂ ಇಲ್ಲ. ಚಿಕ್ಕಪ್ಪ ಗೋಡೌನಿಗೆ ಹೋಗಿ ಒಂದು ಸುತ್ತು ಹಾಕುತ್ತಾರೆ, ರ‍್ಯಾಕ್ ನೋಡುತ್ತಾರೆ, ಫೋನ್ ಎತ್ತುತ್ತಾರೆ. ಅಷ್ಟೇ.

ನಾನು ಸುಮ್ನೆ ಒಂದು ಐಟಂ ತೆಗೆದುಕೊಂಡು ಇಒಕ್ಯೂ, ಅಂದರೆ ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಕಡಿಮೆ ಅನ್ನೋ ಲೆಕ್ಕ, ಹಾಕಿ ನೋಡಿದೆ. ನಾಲ್ಕು ಇಂಚಿನ ಬಾಗಿಲ ಹಿಂಜಸ್. ತಿಂಗಳಿಗೆ ಸುಮಾರು 200 ಬಾಕ್ಸ್ ಹೋಗುತ್ತದೆ, ವರ್ಷವಿಡೀ ಹೆಚ್ಚುಕಡಿಮೆ ಹೀಗೇ. ನಮಗೆ ಬೀಳುವ ದರ ಬಾಕ್ಸಿಗೆ 500 ರೂಪಾಯಿ.

ಒಂದು ಸಲ ಆರ್ಡರ್ ಮಾಡಿದರೆ ಆಗುವ ಖರ್ಚು 1,200. ಅದರಲ್ಲಿ ಟೆಂಪೊ ಬಾಡಿಗೆ 800, ಹಮಾಲಿ 250, ಉಳಿದ 150 ಬ್ಯಾಂಕು, ಫೋನು, ಟ್ರಾನ್ಸ್‌ಪೋರ್ಟ್ ಆಫೀಸಿಗೆ ಓಡಾಟ.

ಒಂದು ಬಾಕ್ಸನ್ನು ಒಂದು ವರ್ಷ ಇಟ್ಟುಕೊಂಡರೆ ಆಗುವ ಖರ್ಚು 100. ಬಡ್ಡಿ 60 (ನಮ್ಮ ಬ್ಯಾಂಕ್ ಓವರ್‌ಡ್ರಾಫ್ಟಿಗೆ ಶೇಕಡಾ 12), ಗೋಡೌನ್ 25, ತುಕ್ಕು, ಜಖಂ, ಲೆಕ್ಕಕ್ಕೆ ಸಿಗದೆ ಹೋಗೋದು ಎಲ್ಲ ಸೇರಿ 15.

```
EOQ = sqrt(2 * D * S / H)
    = sqrt(2 * 200 * 1200 / 100)
    = 69
```

69 ಬಾಕ್ಸ್! ಚಿಕ್ಕಪ್ಪ ಎರಡು ತಿಂಗಳಿಗೊಮ್ಮೆ 400 ತರಿಸುತ್ತಾರೆ. ಇದನ್ನು ತೋರಿಸಿದಾಗ ಅವರು ನಕ್ಕು, "ಹತ್ತು ದಿನಕ್ಕೊಂದು ಟೆಂಪೊ ತರಿಸ್ತೀಯಾ? ಬಾಡಿಗೆ ನೀನು ಕೊಡು" ಅಂದರು. ನಾನು ತಾಳೆ ಕೂಡ ನೋಡಿದ್ದೇನೆ. ಇಒಕ್ಯೂನಲ್ಲಿ ಆರ್ಡರ್ ಖರ್ಚೂ ಇಟ್ಟುಕೊಳ್ಳುವ ಖರ್ಚೂ ಸಮ ಆಗಬೇಕಲ್ವಾ? ಎರಡೂ 3,464 ಬಂತು. ಹಾಗಾದರೆ ಚಿಕ್ಕಪ್ಪ ಇಷ್ಟು ವರ್ಷ ದುಡ್ಡು ಕಳೆಯುತ್ತಿದ್ದಾರಾ?

ಬಿಕಾಂ_ಫೈನಲ್

ಸೂತ್ರ ಸರಿ ಇದೆ, ಆದರೆ ನಿಮ್ಮ ಆರ್ಡರ್ ಖರ್ಚು ಕಡಿಮೆ ಆಯಿತು ಬ್ರೋ. ಖರೀದಿ ನೋಡಿಕೊಳ್ಳುವವರ ಸಂಬಳ ಸೇರಿಸಬೇಕು. ನಿಮ್ಮ ಸಂಬಳವನ್ನು ತಿಂಗಳ ಒಟ್ಟು ಆರ್ಡರ್‌ಗಳಿಂದ ಭಾಗಿಸಿ. ಉದಾಹರಣೆಗೆ 24,000 ಸಂಬಳ, 40 ಆರ್ಡರ್ ಅಂದರೆ ಒಂದಕ್ಕೆ 600. ಆಗ S 1,800 ಆಗುತ್ತದೆ. ಇಒಕ್ಯೂ ಮೇಲಕ್ಕೆ ಹೋಗುತ್ತದೆ.

ಗೋಡೌನ್_ಹುಡುಗ

ಅದನ್ನು ಹಾಕಿದರೂ 85 ಬರುತ್ತದೆ. 400ರ ಹತ್ತಿರಕ್ಕೂ ಬರಲ್ಲ.

ಬೇಗ_ಹೇಳಿ

ನನಗೂ ಇದೇ ಡೌಟು. ಇಒಕ್ಯೂ 69 ಅಂದರೆ ರ‍್ಯಾಕಲ್ಲಿ 69 ಉಳಿದಾಗ ಆರ್ಡರ್ ಹಾಕಬೇಕು ಅಂತ ಅಲ್ವಾ? ನಮ್ಮಲ್ಲಿ ಸ್ಕ್ರೂ ಪ್ಯಾಕೆಟ್ ಯಾವಾಗಲೂ ಹತ್ತು ಉಳಿದಾಗಲೇ ಹೇಳುತ್ತಾರೆ. ಅಷ್ಟರಲ್ಲಿ ಖಾಲಿ.

ದಾಸ್ತಾನು_ಪುಸ್ತಕ

ಬೇಗ_ಹೇಳಿ, ಅದು ಬೇರೆ ಲೆಕ್ಕ. ಇಒಕ್ಯೂ ಹೇಳೋದು ಒಂದು ಸಲಕ್ಕೆ ಎಷ್ಟು ಅಂತ. ಯಾವಾಗ ಅನ್ನೋದು ಮಾಲು ಬರಲು ಎಷ್ಟು ದಿನ ಹಿಡಿಯುತ್ತದೆ ಅನ್ನೋದರ ಮೇಲೆ. ಹೇಳಿದ ಒಂಬತ್ತು ದಿನಕ್ಕೆ ಬರುತ್ತದೆ, ತಿಂಗಳಿಗೆ 200 ಹೋಗುತ್ತದೆ ಅಂದರೆ ಆ ಒಂಬತ್ತು ದಿನಕ್ಕೆ 60 ಬೇಕು, ಮೇಲೆ ಸ್ವಲ್ಪ ಧೈರ್ಯಕ್ಕೆ. ಆ ಸಂಖ್ಯೆಗೂ ಇಒಕ್ಯೂಗೂ ಸಂಬಂಧ ಇಲ್ಲ. ನಿಮ್ಮ ಸ್ಕ್ರೂ ವಿಷಯಕ್ಕೆ ಬೇರೆ ಪ್ರಶ್ನೆ ಹಾಕಿ, ಅಲ್ಲಿ ಮಾತಾಡೋಣ.

ಈಗ ಗೋಡೌನ್_ಹುಡುಗ ಅವರ 69. ನಿಮ್ಮ 200 ಒಂದು ತಿಂಗಳದ್ದು. ನಿಮ್ಮ 100 ರೂಪಾಯಿ ಒಂದು ವರ್ಷದ್ದು. ಎರಡನ್ನೂ ಒಂದೇ ವರ್ಗಮೂಲದೊಳಗೆ ಹಾಕಿದ್ದೀರಿ. ಖರೀದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೇನೆ, ಹೊಸಬರು ಬಂದು ಮಾಡುವ ಮೊದಲ ತಪ್ಪು ಯಾವಾಗಲೂ ಇದೇ. ಎರಡೂ ವರ್ಷದ್ದಾಗಲಿ, ಇಲ್ಲ ಎರಡೂ ತಿಂಗಳದ್ದಾಗಲಿ:

```
ವರ್ಷ:   sqrt(2 * 2400 * 1200 / 100)  = 240
ತಿಂಗಳು: sqrt(2 * 200 * 1200 / 8.33) = 240
```

ಇನ್ನು ನಿಮ್ಮ ತಾಳೆ. ಇದು ನನಗೆ ಇಷ್ಟವಾಯಿತು, ಯಾಕೆಂದರೆ ತಪ್ಪಿದ್ದರೂ ತಾಳೆ ಬಿತ್ತು! ಆರ್ಡರ್ ಕಡೆ ನೀವು 200ನ್ನು 69ರಿಂದ ಭಾಗಿಸಿ 1,200ರಿಂದ ಗುಣಿಸಿದ್ದೀರಿ, 3,464 ಬಂತು. ಅದು ಒಂದು ತಿಂಗಳ ಖರ್ಚು. ಇನ್ನೊಂದು ಕಡೆ 69ರ ಅರ್ಧಕ್ಕೆ 100 ಹಾಕಿ 3,464 ಬಂತು. ಅದು ಒಂದು ವರ್ಷದ ಖರ್ಚು. ಒಂದು ತಿಂಗಳ ಬಾಡಿಗೆಯನ್ನೂ ಒಂದು ವರ್ಷದ ಬಡ್ಡಿಯನ್ನೂ ತಕ್ಕಡಿಯಲ್ಲಿಟ್ಟು ಸಮ ಅಂದಿದ್ದೀರಿ. ಸೂತ್ರಕ್ಕೆ ತಿಂಗಳು, ವರ್ಷ ಗೊತ್ತಿಲ್ಲ. ಅದೇ ಅಂಕಿಗಳನ್ನು ತಿರುಗಿ ಅದಕ್ಕೇ ಹಾಕಿದರೆ ಸಮವೇ ಬರುತ್ತದೆ.

ಹಾಗಾಗಿ ತಾಳೆ ನೋಡುವಾಗ ಸೂತ್ರ ಪಕ್ಕಕ್ಕಿಟ್ಟು ಕ್ಯಾಲೆಂಡರ್ ಹಿಡಿಯಿರಿ. 69ರಂತೆ ತರಿಸಿದರೆ ವರ್ಷಕ್ಕೆ ಎಷ್ಟು ಟೆಂಪೊ ಬರುತ್ತದೆ? 35. ಅದಕ್ಕೆ ಸುಮಾರು 41,700 ರೂಪಾಯಿ. ಇಟ್ಟುಕೊಳ್ಳುವ ಖರ್ಚು ಬರೀ 3,450. ಎಲ್ಲಿಯ ಸಮ? 240ಕ್ಕೆ ಮಾಡಿ ನೋಡಿ. ವರ್ಷಕ್ಕೆ 10 ಟೆಂಪೊ, 12,000. ಸರಾಸರಿ 120 ಬಾಕ್ಸ್ ಗೋಡೌನಲ್ಲಿ, ಅದಕ್ಕೂ 12,000. ಇದು ನಿಜವಾದ ತಾಳೆ.

ಮತ್ತೆ ಚಿಕ್ಕಪ್ಪನವರ 400. ವರ್ಷಕ್ಕೆ ಆರು ಸಲ, 7,200. ಸರಾಸರಿ 200 ಬಾಕ್ಸ್, 20,000. ಒಟ್ಟು 27,200. ನಿಮ್ಮ 69ಕ್ಕೆ ಒಟ್ಟು 45,000 ದಾಟುತ್ತದೆ. 240ಕ್ಕೆ 24,000. ಅಂದರೆ ಅವರು ಕಣ್ಣಳತೆಯಲ್ಲಿ ಮಾಡಿದ್ದು ವರ್ಷಕ್ಕೆ 3,200 ಹೆಚ್ಚು. ನೀವು ಲೆಕ್ಕ ಹಾಕಿ ಮಾಡಿದ್ದು 21,000 ಹೆಚ್ಚು. ಇದನ್ನು ಅವರಿಗೆ ತೋರಿಸುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಗೋಡೌನ್_ಹುಡುಗ

ಅಯ್ಯೋ ಮೇಡಂ. ತಾಳೆ ಬಿತ್ತು ಅಂತ ಒಂದು ಇಡೀ ಸಂಜೆ ಖುಷಿಯಲ್ಲಿದ್ದೆ. ಸದ್ಯಕ್ಕೆ ತೋರಿಸಲ್ಲ.

ಹಾಗಾದರೆ ಸಂಬಳದ ಮಾತು? ಬಿಕಾಂ_ಫೈನಲ್ ಹೇಳಿದ ಹಾಗೆ 1,800 ಹಾಕಿದರೆ 294 ಬರುತ್ತದೆ.

ದಾಸ್ತಾನು_ಪುಸ್ತಕ

ಒಂದೇ ಪ್ರಶ್ನೆ ಕೇಳಿಕೊಳ್ಳಿ. ವರ್ಷಕ್ಕೆ ಹತ್ತರ ಬದಲು ಎಂಟು ಆರ್ಡರ್ ಹಾಕಿದರೆ ಚಿಕ್ಕಪ್ಪ ನಿಮ್ಮ ಸಂಬಳದಲ್ಲಿ 1,200 ಹಿಡಿಯುತ್ತಾರಾ? ಇಲ್ಲ ಅಂದರೆ ಅದು ಆರ್ಡರ್ ಖರ್ಚಲ್ಲ. ಹೇಗಿದ್ದರೂ ಹೋಗುವ ದುಡ್ಡು.

ಇದೇ ಪ್ರಶ್ನೆಯನ್ನು ಉಳಿದವಕ್ಕೂ ಕೇಳಿ. ಟೆಂಪೊ ಸರಿ, ಒಂದು ಟ್ರಿಪ್ ತಪ್ಪಿದರೆ 800 ಉಳಿಯುತ್ತದೆ. ಹಮಾಲಿ 250 ಬಗ್ಗೆ ನನಗೆ ಅನುಮಾನ. ಅದು ಟ್ರಿಪ್ಪಿಗೋ ಬಾಕ್ಸಿಗೋ? ಬಾಕ್ಸಿಗೆ ಇಷ್ಟು ಅಂತ ಕೊಡುತ್ತಿದ್ದರೆ ವರ್ಷಕ್ಕೆ 2,400 ಬಾಕ್ಸ್ ಇಳಿಸಿದ ಕೂಲಿ ಅಷ್ಟೇ ಆಗುತ್ತದೆ, ಹತ್ತು ಸಲ ಇಳಿಸಿದರೂ ಆರು ಸಲ ಇಳಿಸಿದರೂ. ಆಗ ಅದನ್ನು S ನಿಂದ ತೆಗೆದು ಮಾಲಿನ ದರಕ್ಕೆ ಸೇರಿಸಬೇಕು.

ಗೋಡೌನ್_ಹುಡುಗ

ಟ್ರಿಪ್ಪಿಗೇ. ಇಬ್ಬರನ್ನು ಅರ್ಧ ದಿನಕ್ಕೆ ಕರೆಸುತ್ತೇವೆ. ಐವತ್ತು ಬಾಕ್ಸ್ ಇದ್ದರೂ ಅದೇ, ಮುನ್ನೂರಿದ್ದರೂ ಅದೇ.

ದಾಸ್ತಾನು_ಪುಸ್ತಕ

ಹಾಗಾದರೆ 1,200 ನಿಲ್ಲುತ್ತದೆ.

ಬಿಕಾಂ_ಫೈನಲ್

ಮೇಡಂ, ಒಪ್ಪಲ್ಲ. ಈ ಒಂದು ಐಟಂನಲ್ಲಿ ಸಂಬಳ ಕಡಿಮೆಯಾಗಲ್ಲ ನಿಜ. ಆದರೆ ಅಂಗಡಿಯಲ್ಲಿ ಸಾವಿರಾರು ಐಟಂ ಇರುತ್ತವೆ. ಎಲ್ಲದಕ್ಕೂ ಸಂಬಳ ಬಿಟ್ಟು ಲೆಕ್ಕ ಹಾಕಿದರೆ ಎಲ್ಲವೂ ಸಣ್ಣ ಸಣ್ಣ ಆರ್ಡರ್ ಆಗಿ ಕೊನೆಗೆ ಇನ್ನೊಬ್ಬ ಮನುಷ್ಯ ಬೇಕಾಗುತ್ತಾನೆ. ಆಗ ಸಂಬಳ ಬದಲಾಯಿತಲ್ಲ?

ದಾಸ್ತಾನು_ಪುಸ್ತಕ

ಇದು ಒಳ್ಳೆಯ ಮಾತು. ಸುಮ್ನೆ ತಳ್ಳಿಹಾಕಲ್ಲ. ಎಲ್ಲ ಐಟಂಗಳಿಗೂ ಒಟ್ಟಿಗೆ ಇಒಕ್ಯೂ ಜಾರಿಗೆ ತರುತ್ತೀರಿ, ಆರ್ಡರ್‌ಗಳ ಸಂಖ್ಯೆ ದುಪ್ಪಟ್ಟಾಗುತ್ತದೆ ಅಂತಿದ್ದರೆ ಆ ಮನುಷ್ಯನ ಸಮಯಕ್ಕೂ ಬೆಲೆ ಇಡಬೇಕು. ಈಗಿನ ಮನುಷ್ಯನಿಗೆ ಮಧ್ಯಾಹ್ನ ಪುರುಸೊತ್ತಿದ್ದರೆ ಇಡಬೇಕಿಲ್ಲ. ಆದರೆ ಸಂಬಳವನ್ನು 40ರಿಂದ ಭಾಗಿಸಿದ 600 ಅನ್ನೋ ಅಂಕಿ ಮಾತ್ರ ಯಾವ ಸಂದರ್ಭಕ್ಕೂ ಸರಿಯಲ್ಲ. ಆ ಮನುಷ್ಯ ದಿನವಿಡೀ ಆರ್ಡರೇ ಹಾಕುತ್ತಾ ಕೂತಿರಲ್ಲ.

ಆದರೆ ಈ ಜಗಳದ ಬೆಲೆ ಎಷ್ಟು ಗೊತ್ತಾ? ಅವನು 240ರ ಬದಲು 294 ತರಿಸಿದರೆ ವರ್ಷದ ಒಟ್ಟು ಖರ್ಚು 24,000ದಿಂದ 24,500ಕ್ಕೆ ಹೋಗುತ್ತದೆ. ಐನೂರು ರೂಪಾಯಿ. ನಾವಿಬ್ಬರೂ ಇಷ್ಟು ಹೊತ್ತು ಅದಕ್ಕೇ ಹೊಡೆದಾಡಿದ್ದು.

ಗೋಡೌನ್_ಹುಡುಗ

ಆರ್ಡರ್ ಖರ್ಚನ್ನು ಒಂದೂವರೆ ಪಟ್ಟು ಮಾಡಿದರೂ ಬರೀ 500ರ ವ್ಯತ್ಯಾಸವಾ? ನಂಬಕ್ಕಾಗ್ತಿಲ್ಲ.

ದಾಸ್ತಾನು_ಪುಸ್ತಕ

ಕೂಡಿಸಿ ನೋಡಿ. 200 ತರಿಸಿದರೆ ಹನ್ನೆರಡು ಆರ್ಡರ್, 14,400. ಇಡುವ ಖರ್ಚು 10,000. ಒಟ್ಟು 24,400. 300 ತರಿಸಿದರೆ ಎಂಟು ಆರ್ಡರ್, 9,600. ಇಡುವ ಖರ್ಚು 15,000. ಒಟ್ಟು 24,600. 240ಕ್ಕೆ 24,000. ಒಂದು ಖರ್ಚು ಇಳಿಯುವಾಗ ಇನ್ನೊಂದು ಏರುತ್ತದೆ, ಹತ್ತಿರ ಹತ್ತಿರ ಒಂದನ್ನೊಂದು ಹೊಡೆದುಹಾಕುತ್ತವೆ. ತಟ್ಟೆಯ ತಳ ಇದ್ದ ಹಾಗೆ, ನಡುವೆ ಎಲ್ಲಿ ನಿಂತರೂ ಹೆಚ್ಚುಕಡಿಮೆ ಒಂದೇ ಮಟ್ಟ. ಅಂಚಿಗೆ ಹೋದರೆ ಮಾತ್ರ ಏರು. ಸರಿಯಾದ ಪ್ರಮಾಣದ ಎರಡರಷ್ಟು ತರಿಸಿದರೂ ಅರ್ಧದಷ್ಟು ತರಿಸಿದರೂ ಈ ಖರ್ಚು ಕಾಲು ಭಾಗ ಏರುತ್ತದೆ, ಅಷ್ಟೇ. 69 ಅಂತೂ ಅರ್ಧಕ್ಕಿಂತಲೂ ಎಷ್ಟೋ ಕೆಳಗೆ, ಅದಕ್ಕೇ ಅಷ್ಟು ಹೊಡೆತ.

ಹಾಗಾಗಿ ಗೋಡೌನ್ ಖರ್ಚು 25 ಅಥವಾ 22 ಅಂತ ತಲೆಕೆಡಿಸಿಕೊಳ್ಳಬೇಡಿ. ಆದರೆ ಆ 25 ಇರಬೇಕೋ ಬೇಡವೋ ಅಂತ ಕೇಳಬೇಕು. ಗೋಡೌನ್ ಅರ್ಧ ಖಾಲಿ ಇದೆಯಾ?

ಗೋಡೌನ್_ಹುಡುಗ

ಇಲ್ಲ, ತುಂಬಿ ತುಳುಕುತ್ತಿದೆ. ಕಳೆದ ವರ್ಷ ಪಕ್ಕದಲ್ಲಿ ಒಂದು ಶೆಡ್ ಬಾಡಿಗೆಗೆ ತೆಗೆದುಕೊಂಡೆವು. ಹಿಂಜಸ್‌ಗೆ ಒಂದು ಗೋಡೆಯ ರ‍್ಯಾಕೇ ಬಿಟ್ಟಿದ್ದೇವೆ. ಅಲ್ಲಿ ಬೇರೇನೂ ಇಡಲ್ಲ.

ದಾಸ್ತಾನು_ಪುಸ್ತಕ

ಹಾಗಿದ್ದರೆ ಗೋಡೌನ್ ಖರ್ಚು ಇರಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಬಡ್ಡಿ ಸರಾಸರಿ ಮಾಲಿನ ಮೇಲೆ, ಅಂದರೆ ತರಿಸಿದ್ದರ ಅರ್ಧದ ಮೇಲೆ ಬೀಳುತ್ತದೆ. ರ‍್ಯಾಕ್ ಹಾಗಲ್ಲ. 240 ಬಂದಿಳಿದ ದಿನ 240ಕ್ಕೂ ಜಾಗ ಬೇಕು, ಖಾಲಿಯಾದ ಮೇಲೂ ಆ ಜಾಗ ಕಾಯ್ದೇ ಇರುತ್ತದೆ. ಅದಕ್ಕೆ ಹಾಗೆ ಕಾಯ್ದಿಟ್ಟ ಜಾಗದ 25ನ್ನು ದುಪ್ಪಟ್ಟು ಮಾಡಿ 50 ಹಿಡಿಯಬೇಕು. ಆಗ H 125, ಇಒಕ್ಯೂ 215. ತಟ್ಟೆಯ ತಳದಲ್ಲೇ ಇದ್ದೀರಿ, ಬಿಡಿ.

ಮೊಳೆ_ಮೂಟೆ

ತುಕ್ಕಿನ 15 ರೂಪಾಯಿ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. ನನಗೆ ಮೊಳೆ ವ್ಯಾಪಾರ. ದರ ಏರುತ್ತದೆ ಅಂತ ಸುದ್ದಿ ಬಂತು ಅಂತ ಒಂದು ಸಲ 40 ಮೂಟೆ ಒಟ್ಟಿಗೆ ಇಳಿಸಿದೆ. ದರ ಏರಿತು ಅಂತಲೇ ಇಟ್ಟುಕೊಳ್ಳಿ, ಅದಲ್ಲ ವಿಷಯ. ನೆಲದ ಮೇಲೆ ಸಾಲಾಗಿ ಒಟ್ಟಿದ್ದೆ. ಹೊಸ ಮಾಲು ಬಂದಾಗ ಅದರ ಮೇಲೇ ಹಾಕಿಸಿದೆ. ಹುಡುಗರು ಯಾವಾಗಲೂ ಮೇಲಿನದ್ದೇ ತೆಗೆಯುತ್ತಿದ್ದರು. ಯಾರು ತಾನೇ ಕೆಳಗಿನದ್ದು ಎಳೆಯುತ್ತಾರೆ?

ಎಂಟು ತಿಂಗಳಾದ ಮೇಲೆ ತಳದ ಸಾಲಿಗೆ ಕೈ ಹಾಕಿದೆವು. ಮೂಟೆ ಎತ್ತಿದರೆ ಕೆಳಗಿನ ಹೊಲಿಗೆ ನೆಲಕ್ಕೇ ಅಂಟಿಕೊಂಡು ಹರಿಯಿತು. ಒಳಗೆ ಮೊಳೆಗಳು ಒಂದಕ್ಕೊಂದು ಹಿಡಿದುಕೊಂಡು ಒಂದು ಮುದ್ದೆ. ನೆಲದಲ್ಲಿ ಮೂಟೆಯ ಅಚ್ಚಿನ ಹಾಗೆ ಕಂದು ಕಲೆ, ಅದು ಇನ್ನೂ ಇದೆ. ಆರು ಮೂಟೆ ಗುಜರಿಗೆ ಹೋಯಿತು. ಸ್ವಲ್ಪ ಚೆನ್ನಾಗಿ ಕಂಡಿದ್ದನ್ನು ಮಾರಿದೆ, ಅದೂ ವಾಪಸು ಬಂತು. ಈ ಆರು ಮೂಟೆ ನಿಮ್ಮ ಸೂತ್ರದಲ್ಲಿ ಎಲ್ಲಿ ಕೂರುತ್ತದೆ?

ದಾಸ್ತಾನು_ಪುಸ್ತಕ

ಕೂರಲ್ಲ ಅಣ್ಣ. ಸೂತ್ರ ಅಂದುಕೊಳ್ಳೋದು ಪ್ರತಿ ಬಾಕ್ಸೂ ಪ್ರತಿ ದಿನ ಒಂದೇ ಪ್ರಮಾಣದಲ್ಲಿ ಸವೆಯುತ್ತದೆ ಅಂತ. ತುಕ್ಕು ಹಾಗಲ್ಲ. ಮೂರು ತಿಂಗಳು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಇಡೀ ಮೂಟೆ ಹೋಗುತ್ತದೆ. ಅದಕ್ಕೆ ಅಂಕಿಗಿಂತ ಎರಡು ಕೆಲಸ ಮುಖ್ಯ. ಕೆಳಗೆ ಮರದ ಹಲಗೆ ಹಾಕೋದು, ಹಳೆಯದು ಮೊದಲು ಹೋಗುವ ಹಾಗೆ ಜೋಡಿಸೋದು. ಅದಾದ ಮೇಲೂ ಕೆಡುವ ಮಾಲಾದರೆ, ಎಷ್ಟು ತಿಂಗಳು ಚೆನ್ನಾಗಿರುತ್ತದೋ ಅಷ್ಟು ತಿಂಗಳ ಮಾರಾಟಕ್ಕಿಂತ ಹೆಚ್ಚು ತರಿಸಬಾರದು, ಇಒಕ್ಯೂ ಎಷ್ಟೇ ಹೇಳಲಿ.

ಮೊಳೆ_ಮೂಟೆ

ಹಲಗೆ ಹಾಕಿಸಿದ್ದೇನೆ ಈಗ. ಆರು ಮೂಟೆ ಕೊಟ್ಟು ಕಲಿತಿದ್ದು.

ಚೌಕಾಸಿ

ನೀವೆಲ್ಲ ಐನೂರು ರೂಪಾಯಿಗೆ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಹೋಲ್‌ಸೇಲ್‌ನಲ್ಲಿ ದುಡ್ಡು ಇರೋದು ಡಿಸ್ಕೌಂಟಿನಲ್ಲಿ. ಜಾಸ್ತಿ ತಗೊಂಡರೆ ಕಡಿಮೆಗೆ ಕೊಡುತ್ತಾರೆ, ಮುಗೀತು. ಎಷ್ಟು ಜಾಸ್ತಿಯೋ ಅಷ್ಟು ಲಾಭ. ಸಪ್ಲೈಯರ್ ಹತ್ತಿರ ಕೇಳಿದ್ದೀಯಾ ತಮ್ಮಾ?

ಗೋಡೌನ್_ಹುಡುಗ

ಕೇಳಿದ್ದೆ ಅಣ್ಣ. 500 ಬಾಕ್ಸಿಗೆ ಶೇಕಡಾ 2, 1,000 ಬಾಕ್ಸಿಗೆ ಶೇಕಡಾ 3. ಚಿಕ್ಕಪ್ಪ ಅಷ್ಟೊಂದು ದುಡ್ಡು ಕಟ್ಟಿಹಾಕಲು ಒಪ್ಪಲಿಲ್ಲ.

ಚೌಕಾಸಿ

1,000 ತಗೋ. ಕಣ್ಣು ಮುಚ್ಚಿಕೊಂಡು.

ದಾಸ್ತಾನು_ಪುಸ್ತಕ

ಕಣ್ಣು ತೆರೆದುಕೊಂಡೇ ನೋಡೋಣ. ಇಲ್ಲಿ ಚೌಕಾಸಿಯವರು ಅರ್ಧ ಸರಿ. ಆ ಅರ್ಧ ದೊಡ್ಡದೇ.

ಡಿಸ್ಕೌಂಟ್ ಬಂದರೆ ಮಾಲಿನ ದುಡ್ಡನ್ನೂ ಲೆಕ್ಕಕ್ಕೆ ತರಬೇಕು. ವರ್ಷಕ್ಕೆ 2,400 ಬಾಕ್ಸ್, 500ರಂತೆ 12 ಲಕ್ಷ. 240ರಂತೆ ತರಿಸಿದರೆ ಇದಕ್ಕೆ 24,000 ಸೇರಿ 12,24,000.

500ರಂತೆ ತರಿಸಿದರೆ ದರ 490. ಮಾಲಿಗೆ 11,76,000. ಆರ್ಡರ್ ಖರ್ಚು 5,760. ಇಡುವ ಖರ್ಚು ದರದ ಐದನೇ ಒಂದು ಭಾಗ ಅಂತ ಹಿಡಿದರೆ ಬಾಕ್ಸಿಗೆ 98, ಸರಾಸರಿ 250 ಬಾಕ್ಸಿಗೆ 24,500. ಎಲ್ಲ ಸೇರಿ 12,06,260. ಅಂದರೆ ಸುಮಾರು 17,700 ಉಳಿತಾಯ. ಇಒಕ್ಯೂ ಹಿಡಿದು ಉಳಿಸುತ್ತಿದ್ದ 3,200ರ ಐದು ಪಟ್ಟಿಗಿಂತ ಜಾಸ್ತಿ.

1,000 ತರಿಸಿದರೆ ದರ 485, ಮಾಲಿಗೆ 11,64,000. ಆರ್ಡರ್ ಖರ್ಚು ಬರೀ 2,880. ಆದರೆ ಇಡುವ ಖರ್ಚು 48,500ಕ್ಕೆ ಹಾರುತ್ತದೆ. ಒಟ್ಟು 12,15,380. ಇಒಕ್ಯೂಗಿಂತ ಇದೂ ಒಳ್ಳೆಯದೇ, ಆದರೆ 500ಕ್ಕಿಂತ ಒಂಬತ್ತು ಸಾವಿರ ದುಬಾರಿ. ಕೊನೆಯ ಶೇಕಡಾ 1 ಪಡೆಯಲು ಇನ್ನೂ 500 ಬಾಕ್ಸ್ ಹೊತ್ತುಕೊಂಡು ಕೂರಬೇಕು, ಅದು ಗಿಟ್ಟಲ್ಲ. ಅದೂ ಅಲ್ಲದೆ ತುಂಬಿದ ಗೋಡೌನಲ್ಲಿ ಆ ಸಾವಿರ ಬಾಕ್ಸ್ ಎಲ್ಲಿಡುತ್ತೀರಿ? ಇನ್ನೊಂದು ಶೆಡ್ ಬೇಕಾದರೆ ಈ ಲೆಕ್ಕವೇ ಬೇರೆ.

ಚೌಕಾಸಿ

ಸರಿ, 500. ಆದರೂ ನಿಮ್ಮ 240ಕ್ಕಿಂತ ನನ್ನ ಮಾತೇ ಹತ್ತಿರ ಇತ್ತು ಅಂತ ದಾಖಲಾಗಲಿ.

ದಾಸ್ತಾನು_ಪುಸ್ತಕ

ದಾಖಲಾಯಿತು.

ಸ್ಪ್ಯಾನರ್_ಸೆಟ್

ತಡವಾಗಿ ಬಂದೆ. ಎಲ್ಲ ಓದಿದೆ. ಒಂದು ವಿಷಯ ಯಾರೂ ಕೇಳಲಿಲ್ಲ. ಆ 800 ರೂಪಾಯಿಯ ಟೆಂಪೊದಲ್ಲಿ ಹಿಂಜಸ್ ಒಂದೇ ಬರುತ್ತದಾ?

ಗೋಡೌನ್_ಹುಡುಗ

ಇಲ್ಲ ಸರ್. ಅದೇ ಸಪ್ಲೈಯರ್ ಹತ್ತಿರ ಟವರ್ ಬೋಲ್ಟು, ಹ್ಯಾಂಡಲ್, ಡೋರ್ ಸ್ಟಾಪರ್, ಬೇರೆ ಸೈಜಿನ ಹಿಂಜಸ್ ಎಲ್ಲ ತಗೋತೀವಿ. ಒಟ್ಟು ಎಂಟು ಐಟಂ. ಒಂದೊಂದು ಸಲ ಒಟ್ಟಿಗೆ ಬರುತ್ತವೆ, ಒಂದೊಂದು ಸಲ ಬೇರೆ ಬೇರೆ. ಯಾವುದು ಖಾಲಿ ಆಗುತ್ತೋ ಅದಕ್ಕೆ ಫೋನ್ ಹೋಗುತ್ತದೆ.

ದಾಸ್ತಾನು_ಪುಸ್ತಕ

ಛೆ. ಇದನ್ನು ನಾನೇ ಮೊದಲು ಕೇಳಬೇಕಿತ್ತು.

ಸ್ಪ್ಯಾನರ್_ಸೆಟ್

ಹಾಗಾದರೆ ಹಿಂಜಸ್ ಒಂದಕ್ಕೇ 1,200 ಹಾಕಿದ್ದು ತಪ್ಪು. ಎಂಟರಿಂದ ಭಾಗಿಸಿ 150 ಅಂತ ಹಾಕಿದರೂ ತಪ್ಪು. ಹಾಗೆ ಮಾಡಿದರೆ ಒಂದೊಂದು ಐಟಂಗೂ ಒಂದೊಂದು ದಿನ ಬರುತ್ತದೆ, ಒಟ್ಟಿಗೆ ಬರೋದೇ ಇಲ್ಲ, ಆಗ ಟೆಂಪೊ ಮತ್ತೆ ಪೂರ್ತಿ 800. ಈ ಸೂತ್ರ ಬಂದಿದ್ದು 1913ರಲ್ಲಿ, ಕಾರ್ಖಾನೆಯಲ್ಲಿ ಒಂದು ಬಿಡಿಭಾಗವನ್ನು ಒಂದು ಸಲಕ್ಕೆ ಎಷ್ಟು ಮಾಡಬೇಕು ಅನ್ನೋ ಪ್ರಶ್ನೆಗೆ. ಅಲ್ಲಿ ಒಂದು ಸಲ ಮೆಷಿನ್ ಹೊಂದಿಸಿದರೆ ಒಂದೇ ಬಿಡಿಭಾಗ. ನಮ್ಮ ಟೆಂಪೊದಲ್ಲಿ ಎಂಟು ಬರುತ್ತವೆ.

ನಾನು ಮಾಡೋದು ಹೀಗೆ. ಎಷ್ಟು ಬಾಕ್ಸ್ ಅಂತ ಕೇಳಲ್ಲ. ಆ ಸಪ್ಲೈಯರ್‌ಗೆ ಎಷ್ಟು ದಿನಕ್ಕೊಮ್ಮೆ ಆರ್ಡರ್ ಅಂತ ಕೇಳುತ್ತೇನೆ. ಆ ಎಂಟೂ ಐಟಂ ಸೇರಿ ವರ್ಷಕ್ಕೆ ಎಷ್ಟು ಖರೀದಿ?

ಗೋಡೌನ್_ಹುಡುಗ

ಹತ್ತಿರ ಹತ್ತಿರ 48 ಲಕ್ಷ.

ಸ್ಪ್ಯಾನರ್_ಸೆಟ್

ಒಳ್ಳೆಯದು. ಇಡುವ ಖರ್ಚು ದರದ ಐದನೇ ಒಂದು ಭಾಗ ಅಂತ ಹೇಳಿದ್ದೀರಿ. 48 ಲಕ್ಷದ ಐದನೇ ಒಂದು ಭಾಗ 9,60,000. ಟ್ರಿಪ್ ಖರ್ಚು 1,200. ಇದಕ್ಕೆ ಪ್ರತಿ ಐಟಂ ಎಣಿಸಿ ಬಿಲ್ಲಿಗೆ ತಾಳೆ ನೋಡಿ ರ‍್ಯಾಕಿಗೆ ಹಾಕಲು ಒಂದು 50 ಅಂತ ಇಡಿ, ಎಂಟಕ್ಕೆ 400. ಒಟ್ಟು 1,600.

```
T = sqrt(2 * 1600 / 960000) = 0.0577 ವರ್ಷ = 21 ದಿನ
```

ಮೂರು ವಾರಕ್ಕೊಂದು ಟೆಂಪೊ, ಎಲ್ಲ ಐಟಂ ಒಟ್ಟಿಗೆ. ಹಿಂಜಸ್ ಒಂದು ಸಲಕ್ಕೆ ಸುಮಾರು 138 ಬಾಕ್ಸ್. 240 ಅಲ್ಲ. ನಿಧಾನವಾಗಿ ಹೋಗುವ ಐಟಂ ಇದ್ದರೆ ಅದನ್ನು ಎರಡು ಟ್ರಿಪ್ಪಿಗೊಮ್ಮೆ ಹಾಕಿಸಿ, ಪ್ರತಿ ಸಲ ಎರಡೆರಡು ಬಾಕ್ಸ್ ತರಿಸಬೇಡಿ.

ಒಂದು ಎಚ್ಚರಿಕೆ. ಟೆಂಪೊ ಎಷ್ಟು ತೂಕ ಹೊರುತ್ತದೆ ಅಂತ ನೋಡಿಕೊಳ್ಳಿ. ಕಬ್ಬಿಣದ ಮಾಲು ಜಾಗ ತುಂಬುವ ಮೊದಲು ತೂಕ ತುಂಬುತ್ತದೆ. ಎರಡನೇ ಗಾಡಿ ಬೇಕಾದ ಕ್ಷಣ 800 ಹೋಗಿ 1,600 ಆಗುತ್ತದೆ, ಈ ಲೆಕ್ಕ ಅಲ್ಲಿಗೆ ಮುರಿಯಿತು.

ಗೋಡೌನ್_ಹುಡುಗ

ತೂಕ ಪರವಾಗಿಲ್ಲ ಸರ್. ಒಂದು ಬಾಕ್ಸ್ ಮೂರು ಕಿಲೊ ಹತ್ತಿರ, ನಮ್ಮ ಟೆಂಪೊ ಎರಡು ಟನ್ ಹೊರುತ್ತದೆ. ಆದರೆ 138 ತರಿಸಿದರೆ ಡಿಸ್ಕೌಂಟ್ ಹೋಯಿತಲ್ಲ? ಅದಕ್ಕೆ 500 ಬೇಕು. ಮೇಡಂ ಲೆಕ್ಕದಲ್ಲಿ ದೊಡ್ಡ ದುಡ್ಡು ಇದ್ದಿದ್ದು ಅಲ್ಲೇ.

ದಾಸ್ತಾನು_ಪುಸ್ತಕ

ನನ್ನ ಡಿಸ್ಕೌಂಟ್ ಲೆಕ್ಕವೂ ಹಿಂಜಸ್ ಒಂದೇ ಟೆಂಪೊದಲ್ಲಿ ಬರುತ್ತದೆ ಅಂತ ಅಂದುಕೊಂಡೇ ಹಾಕಿದ್ದು, ಅದನ್ನು ಈಗ ಪಕ್ಕಕ್ಕಿಡಿ. ಬೇರೊಂದು ಪ್ರಶ್ನೆ ಕೇಳುತ್ತೇನೆ. ಆ 500 ಬಾಕ್ಸ್ ಅಂದರೆ ಸಪ್ಲೈಯರ್‌ಗೆ ಎಷ್ಟು ರೂಪಾಯಿಯ ಬಿಲ್ಲು? 2,50,000. ಸ್ಪ್ಯಾನರ್ ಸರ್ ಹೇಳಿದ ಹಾಗೆ ಮೂರು ವಾರಕ್ಕೊಮ್ಮೆ ಎಂಟೂ ಐಟಂ ಒಟ್ಟಿಗೆ ತರಿಸಿದರೆ ಒಂದು ಬಿಲ್ಲು ಎಷ್ಟಾಗುತ್ತದೆ? 48 ಲಕ್ಷದಲ್ಲಿ 21 ದಿನದ ಪಾಲು, 2,76,000.

ಸ್ಪ್ಯಾನರ್_ಸೆಟ್

ಅದೇ. ಅವರಿಗೂ ಒಂದೇ ಬಿಲ್ಲು, ಒಂದೇ ಲೋಡಿಂಗು. ಐಟಂ ಲೆಕ್ಕ ಬಿಟ್ಟು ಬಿಲ್ಲಿನ ಮೊತ್ತಕ್ಕೆ ಶೇಕಡಾ 2 ಕೊಡಿ ಅಂತ ಕೇಳಿ. ಎಂಟೂ ಐಟಂ ಮೇಲೆ ಸಿಕ್ಕರೆ ವರ್ಷಕ್ಕೆ 96,000.

ಚೌಕಾಸಿ

ಕೊಡಲ್ಲ ಅಂದರೆ ಶೇಕಡಾ ಒಂದೂವರೆಗೆ ಬಾ. ಮೊದಲೇ ಒಂದೂವರೆ ಅನ್ನಬೇಡ.

ಗೋಡೌನ್_ಹುಡುಗ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಈ ಸಲ ಚಿಕ್ಕಪ್ಪನಿಗೆ ಎಲ್ಲ ತೋರಿಸಿದೆ, ನನ್ನ 69ರ ಸಮೇತ. ತಮ್ಮ 400 ಅಷ್ಟೇನೂ ತಪ್ಪಿರಲಿಲ್ಲ ಅನ್ನೋ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಅವರೇ ಸಪ್ಲೈಯರ್‌ಗೆ ಫೋನ್ ಮಾಡಿದರು.

ಅವರು ಹೇಳಿದ್ದು: ಡಿಸ್ಕೌಂಟ್ ಕಂಪನಿಯಿಂದ ಐಟಂವಾರು ಬರುತ್ತದೆ, ಬಿಲ್ಲಿನ ಮೇಲೆ ಕೊಡುವ ಪದ್ಧತಿ ಇಲ್ಲ. ಆದರೆ ಮೂರು ವಾರಕ್ಕೊಮ್ಮೆ ಖಾತ್ರಿ ಆರ್ಡರ್ ಇದ್ದರೆ ಒಂದು ಪರ್ಸೆಂಟ್ ತಮ್ಮ ಕೈಯಿಂದ ನೋಡುತ್ತಾರಂತೆ. ಮೊದಲ ಎರಡು ಟ್ರಿಪ್ ಆಗಲಿ ಅಂದಿದ್ದಾರೆ.

ಈಗ ನನ್ನ ಪ್ರಶ್ನೆ. ಎಲ್ಲದರ ಮೇಲೆ ಶೇಕಡಾ 1 ಬಂದರೆ ವರ್ಷಕ್ಕೆ 48,000. ಹಿಂಜಸ್ 500 ತರಿಸಿ ಶೇಕಡಾ 2 ಪಡೆದರೆ ಅದರ ಮೇಲೆ ಮಾತ್ರ 24,000, ಬೇರೆ ಐಟಂಗಳಲ್ಲಿ ಅವರ ಐಟಂವಾರು ಸ್ಲ್ಯಾಬ್ ಏನು ಅಂತ ಇನ್ನೂ ಕೇಳಿಲ್ಲ. ಎರಡೂ ಒಟ್ಟಿಗೆ ಕೊಡುತ್ತಾರಾ ಅಂತಲೂ ಗೊತ್ತಿಲ್ಲ.

ಸ್ಪ್ಯಾನರ್_ಸೆಟ್

ಮೊದಲು ಸ್ಲ್ಯಾಬ್ ಪಟ್ಟಿ ತರಿಸಿ, ಎಂಟಕ್ಕೂ. ಅದಿಲ್ಲದೆ ಯಾವ ಉತ್ತರ ಕೊಟ್ಟರೂ ಊಹೆ. ಮೂರು ವಾರದ ಟ್ರಿಪ್ ಮಾತ್ರ ಈಗಲೇ ಶುರು ಮಾಡಿ, ಅದಕ್ಕೆ ಕಾಯಬೇಕಿಲ್ಲ.

ಬಿಕಾಂ_ಫೈನಲ್

ಅಂದಹಾಗೆ ಐಟಂಗೆ 50 ಅಂತ ಹಾಕಿದಿರಲ್ಲ ಸರ್, ಎಣಿಸಿ ತಾಳೆ ನೋಡಲು. ಅದು ಯಾರ ಸಂಬಳ?

ಸ್ಪ್ಯಾನರ್_ಸೆಟ್

ಸಿಕ್ಕಿಬಿದ್ದೆ. ತೆಗೆದು ಹಾಕಿದರೆ 18 ದಿನ ಬರುತ್ತದೆ. ನಾನು 21ನ್ನೇ ಇಟ್ಟುಕೊಳ್ಳುತ್ತೇನೆ.

ದಾಸ್ತಾನು_ಪುಸ್ತಕ

ನಾನು 18ರ ಕಡೆ.

ಗೋಡೌನ್_ಹುಡುಗ

ಚಿಕ್ಕಪ್ಪ ತಿಂಗಳಿಗೊಮ್ಮೆ ಅನ್ನುತ್ತಿದ್ದಾರೆ. ಸ್ಲ್ಯಾಬ್ ಪಟ್ಟಿ ಸಿಕ್ಕ ಮೇಲೆ ಇಲ್ಲೇ ಹಾಕುತ್ತೇನೆ.